ಎಂಟೂ ಏಳೂ ಎಂಬತ್ತೇಳಾದಾಗ: ಒಂದೂವರೆ ನಿಮಿಷದ ಕೋಡಿಂಗ್ ಪಾಠವನ್ನು ಕಟ್ಟುವ ಬಗೆ

ಹಾಸನದ ಸುತ್ತಮುತ್ತಲ ಊರುಗಳಿಂದ ಬಂದಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ ದಿನವೂ ನಡೆಯುವ ಒಂದು ಲೆಕ್ಕದಿಂದ ಮಾತನ್ನು ಆರಂಭಿಸುತ್ತೇನೆ. ಬೆಳಗ್ಗೆ ಡೇರಿಗೆ ಹಾಕಿದ ಹಾಲು 8 ಲೀಟರ್, ಸಂಜೆ ಹಾಕಿದ್ದು 7 ಲೀಟರ್, ಅಲ್ಲಿಗೆ ಆ ದಿನದ ಒಟ್ಟು ಹಾಲು 15 ಲೀಟರ್. ಇದನ್ನು ಕೂಡಲು ಯಾರಿಗೂ ಕಂಪ್ಯೂಟರ್ ಬೇಕಿಲ್ಲ. ಕೋಡಿಂಗನ್ನು ಹೊಸದಾಗಿ ಕಲಿಯುವವರಿಗಾಗಿ ಪುಟ್ಟ ವೀಡಿಯೊ ಮಾಡುವವರಿಗೆ ಬೇಕಾದ ಉದಾಹರಣೆ ಇಂಥದ್ದೇ. ಏಕೆಂದರೆ ನೋಡುವವನಿಗೆ ಉತ್ತರ ಮೊದಲೇ ಗೊತ್ತಿದ್ದರೆ ಮಾತ್ರ ಕಂಪ್ಯೂಟರ್ ತಪ್ಪು ಉತ್ತರ ಕೊಟ್ಟಾಗ ಅದು ತಪ್ಪೆಂದು ಅವನಿಗೇ ತಿಳಿಯುತ್ತದೆ.

ನಾನು ಇಂದು ಮಾತನಾಡಲು ಬಯಸುವುದು ಸುಮಾರು 90 ಸೆಕೆಂಡುಗಳ ವೀಡಿಯೊ ಬಗ್ಗೆ. ಅದರಲ್ಲಿ ಒಂದು ಪರಿಕಲ್ಪನೆ, ಒಂದು ಉದಾಹರಣೆ ಮತ್ತು ಎಲ್ಲರೂ ಮಾಡುವ ಒಂದು ತಪ್ಪು ಇರುತ್ತವೆ. ಈ ಅಳತೆಯನ್ನು ಕೇಳಿದವರು ಸಾಮಾನ್ಯವಾಗಿ ಮೂರು ತುಂಡುಗಳನ್ನು ಬೇರೆ ಬೇರೆಯಾಗಿ ಸಿದ್ಧಮಾಡಿ ಒಂದರ ಹಿಂದೆ ಒಂದು ಅಂಟಿಸುತ್ತಾರೆ: ಮೊದಲು ವ್ಯಾಖ್ಯಾನ, ಆಮೇಲೆ ಉದಾಹರಣೆ, ಕೊನೆಯಲ್ಲಿ ‘ಈ ತಪ್ಪು ಮಾಡಬೇಡಿ’ ಎಂಬ ಎಚ್ಚರಿಕೆ. ಹಾಗೆ ಕಟ್ಟಿದ ವೀಡಿಯೊ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ತಪ್ಪು ಆ ಉದಾಹರಣೆಯ ಒಳಗಿನಿಂದಲೇ ಹುಟ್ಟಬೇಕು, ಮತ್ತು ಆ ತಪ್ಪು ಏಕಾಯಿತು ಎಂಬ ಪ್ರಶ್ನೆಗೆ ಪರಿಕಲ್ಪನೆಯೇ ಉತ್ತರವಾಗಬೇಕು. ಮೂರೂ ಸೇರಿ ಒಂದೇ ಗಂಟಾಗಿರಬೇಕು. ಒಂದೇ ಒಂದು ವೀಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿ ನೋಡಿ ಇದನ್ನು ವಿವರಿಸುತ್ತೇನೆ.

ಪೈಥಾನ್ ಭಾಷೆಯಲ್ಲಿ `input()` ಕುರಿತು ನಾನು ಮಾಡಿದ ಮೊದಲ ವೀಡಿಯೊ 11 ನಿಮಿಷ ಇತ್ತು. ಅದರಲ್ಲಿ ನಾನು ಬಳಕೆದಾರ ಬರೆದದ್ದನ್ನು ಓದುವ `input()` ಹೇಳಿದೆ, ಅದನ್ನು ಪೂರ್ಣಾಂಕವಾಗಿ ಬದಲಿಸುವ `int()` ಹೇಳಿದೆ, ದಶಮಾಂಶಕ್ಕೆ `float()` ಹೇಳಿದೆ, ಬಳಕೆದಾರ ಅಂಕಿಯ ಬದಲು ಅಕ್ಷರ ಬರೆದರೆ ಏನು ಮಾಡಬೇಕೆಂದು `try` ಕೂಡ ಹೇಳಿದೆ. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಮರುದಿನ ಪ್ರಯೋಗಾಲಯದಲ್ಲಿ ಅದೇ ವೀಡಿಯೊ ನೋಡಿ ಬಂದ ವಿದ್ಯಾರ್ಥಿಗಳು ಅದೇ ಹಳೆಯ ತಪ್ಪನ್ನು ಮಾಡಿದರು. ಉದ್ದದ ಬಗ್ಗೆ ಗಟ್ಟಿಯಾದ ಒಂದು ಅಧ್ಯಯನವಿದೆ. 2014ರಲ್ಲಿ ಫಿಲಿಪ್ ಗುವೋ ಮತ್ತು ಸಂಗಡಿಗರು ಎಡ್‌ಎಕ್ಸ್ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ಜನ ವೀಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದರು. ವೀಡಿಯೊ ಎಷ್ಟೇ ಉದ್ದವಿರಲಿ, ನೋಡುಗರ ಮಧ್ಯಕ ವೀಕ್ಷಣೆಯ ಅವಧಿ ಹೆಚ್ಚೆಂದರೆ 6 ನಿಮಿಷ ಎಂದು ಅವರಿಗೆ ಕಂಡುಬಂತು. ಆದರೂ ನನ್ನ 11 ನಿಮಿಷದ ವೀಡಿಯೊ ಸೋತದ್ದು ಬರೀ ಉದ್ದದಿಂದ ಎಂದು ನಾನು ಭಾವಿಸುವುದಿಲ್ಲ. ಅದನ್ನು ಕತ್ತರಿಸಿ 3 ನಿಮಿಷಕ್ಕೆ ಇಳಿಸಿದ್ದರೂ ಅದರೊಳಗೆ ನಾಲ್ಕು ಪಾಠಗಳಿದ್ದವು, ಮತ್ತು ಅಸಲು ತಪ್ಪನ್ನು ಪರದೆಯ ಮೇಲೆ ನಡೆಸಿ ತೋರಿಸುವ ಕೆಲಸವನ್ನು ನಾನು ಮಾಡಿಯೇ ಇರಲಿಲ್ಲ.

ಈಗ ಕೋಡನ್ನು ನೋಡೋಣ. ಮೂರೇ ಸಾಲು.

```python
belagge = input("Belagge: ")
sanje = input("Sanje: ")
print(belagge + sanje)
```

ಇದನ್ನು ಓಡಿಸಿ, ಬೆಳಗ್ಗೆ ಎಂದು ಕೇಳಿದಾಗ 8 ಎಂದೂ ಸಂಜೆ ಎಂದು ಕೇಳಿದಾಗ 7 ಎಂದೂ ಕೊಟ್ಟರೆ ಪರದೆಯ ಮೇಲೆ ಬರುವುದು 87. ಕೆಂಪು ಅಕ್ಷರಗಳಿಲ್ಲ, ದೋಷದ ಸಂದೇಶವಿಲ್ಲ. ಪ್ರೋಗ್ರಾಂ ಸದ್ದಿಲ್ಲದೆ ಮುಗಿಯುತ್ತದೆ. ನನ್ನ ತರಗತಿಯಲ್ಲಿ ಈ ಮೂರು ಸಾಲನ್ನು ಓಡಿಸಿದ ಚನ್ನರಾಯಪಟ್ಟಣದ ಕಡೆಯ ಹುಡುಗಿಯೊಬ್ಬಳು ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೊರಟು, ಪೆನ್ನು ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ‘ಸಾರ್, ನಮ್ಮನೇಲಿ ಇರೋದು ಎರಡೇ ಹಸು. ಎಂಬತ್ತೇಳು ಲೀಟರ್ ಎಲ್ಲಿಂದ ಬರುತ್ತೆ?’ ಎಂದಳು. ಅವಳ ಪಕ್ಕದಲ್ಲಿ ಕುಳಿತಿದ್ದ ಹುಡುಗನೂ ಅದೇ ಪ್ರೋಗ್ರಾಂ ಬರೆದಿದ್ದ. ಆದರೆ ಅವನು ಪುಸ್ತಕದಲ್ಲಿದ್ದಂತೆ `a` ಮತ್ತು `b` ಎಂದು ಹೆಸರಿಟ್ಟು, ಮನಸ್ಸಿಗೆ ಬಂದ ಯಾವುದೋ ಎರಡು ಸಂಖ್ಯೆ ಕೊಟ್ಟು, ಬಂದ ಉತ್ತರವನ್ನು ಹಾಗೆಯೇ ಬರೆದುಕೊಂಡು ಮುಂದಿನ ಲೆಕ್ಕಕ್ಕೆ ಹೋಗಿದ್ದ. ಇಬ್ಬರ ಕೋಡಿನಲ್ಲೂ ಇದ್ದದ್ದು ಒಂದೇ ತಪ್ಪು. ಒಬ್ಬಳಿಗೆ ಅದು ಕಂಡಿತು, ಇನ್ನೊಬ್ಬನಿಗೆ ಕಾಣಲಿಲ್ಲ. ಹಾಲಿನ ಲೆಕ್ಕವನ್ನು ನಾನು ಬಿಡದೆ ಹಿಡಿದುಕೊಂಡದ್ದು ಅಂದಿನಿಂದ.

ಸಂಖ್ಯೆಗಳ ಆಯ್ಕೆಯಲ್ಲೂ ಸ್ವಲ್ಪ ಯೋಚನೆ ಬೇಕು. 10 ಮತ್ತು 20 ಎಂದು ಕೊಟ್ಟರೆ 1020 ಬರುತ್ತದೆ. ಅದು ತಪ್ಪೆಂದು ಯಾರಾದರೂ ಹೇಳುತ್ತಾರೆ, ಯೋಚಿಸುವ ಶ್ರಮವೇ ಇಲ್ಲ. 8 ಮತ್ತು 7 ಕೊಟ್ಟಾಗ ಬರುವ 87 ನಿಜವಾದ ಸಂಖ್ಯೆಯಂತೆಯೇ ಕಾಣುತ್ತದೆ, ಯಾವುದೋ ದೊಡ್ಡ ಕೊಟ್ಟಿಗೆಯ ಲೆಕ್ಕವೂ ಆಗಿರಬಹುದು. ತಪ್ಪು ನಂಬುವಂತಿದ್ದಾಗಲೇ ಅದರಿಂದ ಆಗುವ ಅಪಾಯ ಮನಸ್ಸಿಗೆ ಇಳಿಯುತ್ತದೆ. ಹಾಗಾಗಿ ವೀಡಿಯೊದಲ್ಲಿ ಒಂದಂಕಿಯ ಎರಡು ಸಂಖ್ಯೆಗಳನ್ನು ಕೊಡುವುದು ಒಳ್ಳೆಯದು.

ಇನ್ನು ಪರಿಕಲ್ಪನೆ. `input()` ಏನನ್ನು ಓದಿದರೂ ಅದನ್ನು ಅಕ್ಷರಗಳ ಸರವಾಗಿಯೇ, ಅಂದರೆ ಸ್ಟ್ರಿಂಗ್ ಆಗಿಯೇ ಕೊಡುತ್ತದೆ. ಬಳಕೆದಾರ ಒತ್ತಿದ್ದು 8ರ ಕೀಲಿಯಾದರೂ ಪ್ರೋಗ್ರಾಮಿಗೆ ಸಿಗುವುದು ಎಂಟು ಎಂಬ ಪ್ರಮಾಣವಲ್ಲ, 8 ಎಂಬ ಗುರುತು. ಎರಡು ಸಂಖ್ಯೆಗಳ ನಡುವೆ ಇದ್ದಾಗ ಕೂಡುವ ಅದೇ `+` ಚಿಹ್ನೆ ಎರಡು ಸ್ಟ್ರಿಂಗ್‌ಗಳ ನಡುವೆ ಇದ್ದಾಗ ಒಂದರ ಪಕ್ಕಕ್ಕೆ ಇನ್ನೊಂದನ್ನು ಪೋಣಿಸುತ್ತದೆ. ಇಷ್ಟನ್ನು ಎಲ್ಲ ವೀಡಿಯೊಗಳೂ ಹೇಳುತ್ತವೆ. ಆದರೆ ಹೊಸಬರಿಗೆ ಇದು ಅರ್ಥವಾಗದೆ ಉಳಿಯಲು ಇರುವ ನಿಜವಾದ ಕಾರಣವನ್ನು ಹೇಳುವವರು ಕಡಿಮೆ: `print` ಆ ವ್ಯತ್ಯಾಸವನ್ನು ಮರೆಮಾಡುತ್ತದೆ. ಸಂಖ್ಯೆಯಾದ 8 ಅನ್ನು ಮುದ್ರಿಸಿದರೂ ಸ್ಟ್ರಿಂಗ್ ಆದ 8 ಅನ್ನು ಮುದ್ರಿಸಿದರೂ ಪರದೆಯ ಮೇಲೆ ಕಾಣುವುದು ಒಂದೇ ರೂಪ. ಎರಡೂ ಒಂದೇ ರೀತಿ ಕಾಣುತ್ತಿರುವಾಗ ‘ಇವೆರಡೂ ಬೇರೆ’ ಎಂದು ನಾವು ಬಾಯಲ್ಲಿ ಹೇಳಿದರೆ ವಿದ್ಯಾರ್ಥಿ ನಮ್ಮ ಮೇಲಿನ ಗೌರವದಿಂದ ಒಪ್ಪಿಕೊಳ್ಳುತ್ತಾನೆಯೇ ಹೊರತು ಕಂಡು ಒಪ್ಪಿಕೊಳ್ಳುವುದಿಲ್ಲ.

ಆದ್ದರಿಂದ ವೀಡಿಯೊದ ನಡುವೆ ಒಂದು ಚಿಕ್ಕ ಕೆಲಸ ಮಾಡಬೇಕು. ಪ್ರೋಗ್ರಾಂ ಮುಗಿದ ಮೇಲೆ ಪೈಥಾನ್ ಶೆಲ್‌ನಲ್ಲಿ `print` ಇಲ್ಲದೆ ಬರೀ ಹೆಸರನ್ನು ಬರೆದು ಎಂಟರ್ ಒತ್ತಬೇಕು.

```python
>>> belagge
'8'
>>> 8
8
```

ಅಂಕಿಯ ಎರಡು ಬದಿಯಲ್ಲಿರುವ ಆ ಉದ್ಧರಣ ಚಿಹ್ನೆಗಳನ್ನು ನೋಡಿ. ಇಡೀ ಪಾಠ ಆ ಎರಡು ಚಿಕ್ಕ ಗೆರೆಗಳಲ್ಲಿದೆ. ವೀಡಿಯೊದಲ್ಲಿ ಈ ಜಾಗಕ್ಕೆ ಬಂದಾಗ ಪರದೆಯನ್ನು ದೊಡ್ಡದು ಮಾಡಿ, ಮಾತನ್ನು ಎರಡು ಸೆಕೆಂಡು ನಿಲ್ಲಿಸಿ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ರೂಪಿಸಿದ ಥಾನಿ ಎಂಬ ಉಚಿತ ಎಡಿಟರ್ ಇದೆ. ಅದರ ವೇರಿಯಬಲ್ಸ್ ಕಿಟಕಿಯನ್ನು ತೆರೆದಿಟ್ಟುಕೊಂಡರೆ ಪ್ರತಿಯೊಂದು ಹೆಸರಿನ ಎದುರು ಅದರ ಬೆಲೆ ಈ ಉದ್ಧರಣ ಚಿಹ್ನೆಗಳ ಸಮೇತ ಕಾಣುತ್ತದೆ. `type(belagge)` ಎಂದು ಕೇಳಿ `<class 'str'>` ಎಂಬ ಉತ್ತರವನ್ನು ತೋರಿಸುವವರೂ ಇದ್ದಾರೆ. ಅದು ತಪ್ಪಲ್ಲ, ಆದರೆ ಅಲ್ಲಿ `class` ಎಂಬ ಇನ್ನೊಂದು ಅಪರಿಚಿತ ಪದ ಬಂದು ಕೂರುತ್ತದೆ. ಉದ್ಧರಣ ಚಿಹ್ನೆಯನ್ನಾದರೆ ವಿದ್ಯಾರ್ಥಿ `print("Namaskara")` ಬರೆದ ಮೊದಲ ದಿನವೇ ಕಂಡಿರುತ್ತಾನೆ.

ಇಲ್ಲೊಂದು ಅಡ್ಡಮಾತು ಹೇಳುತ್ತೇನೆ, ಕನ್ನಡದಲ್ಲಿ ಪಾಠ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಕನ್ನಡದ ಅಂಕಿಯನ್ನೇ ಬರೆದು `int("೮")` ಎಂದು ಕೇಳಿದರೆ ಪೈಥಾನ್ 3 ಸರಿಯಾಗಿ 8 ಎಂದೇ ಉತ್ತರಿಸುತ್ತದೆ, ಏಕೆಂದರೆ ಯುನಿಕೋಡ್‌ನಲ್ಲಿ ಕನ್ನಡದ ಅಂಕಿಗಳೂ ದಶಮಾನ ಅಂಕಿಗಳೆಂದೇ ದಾಖಲಾಗಿವೆ. ಗುರುತು ಬೇರೆ, ಅದು ಸೂಚಿಸುವ ಪ್ರಮಾಣ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ: ೮ ಮತ್ತು 8 ಎರಡು ಗುರುತುಗಳು, ಎಂಟು ಎಂಬ ಪ್ರಮಾಣ ಒಂದೇ. ಇದನ್ನು ತರಗತಿಯಲ್ಲಿ ನಾನು ಸಂತೋಷದಿಂದ ತೋರಿಸುತ್ತೇನೆ, ಆದರೆ 90 ಸೆಕೆಂಡಿನ ವೀಡಿಯೊದೊಳಗೆ ತರುವುದಿಲ್ಲ.

ಈಗ ತಪ್ಪಿನ ಆಯ್ಕೆಗೆ ಬರುತ್ತೇನೆ, ಏಕೆಂದರೆ ನಾನು ನೋಡಿದ ವೀಡಿಯೊಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಇದೇ ಮೂರು ಸಾಲಿನಲ್ಲಿ ಹೊಸಬರು ಹತ್ತು ಬಗೆಯ ತಪ್ಪು ಮಾಡಬಲ್ಲರು. ಆವರಣ ಮುಚ್ಚುವುದನ್ನು ಮರೆಯುತ್ತಾರೆ, ಹೆಸರಿನ ಒಂದು ಅಕ್ಷರ ತಪ್ಪುತ್ತಾರೆ, `print` ಬದಲು `Print` ಎಂದು ಬರೆಯುತ್ತಾರೆ. ಇವೆಲ್ಲ ಸದ್ದು ಮಾಡುವ ತಪ್ಪುಗಳು: ಪ್ರೋಗ್ರಾಂ ನಿಲ್ಲುತ್ತದೆ, ಯಾವ ಸಾಲು ಎಂದು ಸಂದೇಶ ಹೇಳುತ್ತದೆ, ವಿದ್ಯಾರ್ಥಿ ಹುಡುಕಿ ಸರಿಪಡಿಸಿಕೊಳ್ಳಬಲ್ಲ. ಇದೇ ಉದಾಹರಣೆಯಲ್ಲಿ `+` ಬದಲು `-` ಹಾಕಿ ನೋಡಿದರೆ `TypeError` ಎಂದು ಪೈಥಾನ್ ತಾನೇ ತಡೆಯುತ್ತದೆ, ಏಕೆಂದರೆ ಸ್ಟ್ರಿಂಗಿನಿಂದ ಸ್ಟ್ರಿಂಗನ್ನು ಕಳೆಯುವುದಕ್ಕೆ ಅದರಲ್ಲಿ ಅರ್ಥವಿಲ್ಲ. ವೀಡಿಯೊದ ಅಗತ್ಯ ಹೆಚ್ಚಿರುವುದು ಸದ್ದು ಮಾಡದ ತಪ್ಪಿಗೆ. 87 ಬಂದಾಗ ಹುಡುಕಲು ಸಂದೇಶವೇ ಇರುವುದಿಲ್ಲ, ಹಾಗಾಗಿ ಯಾರಾದರೂ ಮೊದಲೇ ತೋರಿಸಿರದಿದ್ದರೆ ದಾರಿಯೇ ಇಲ್ಲ.

ಈ ತಪ್ಪು ಇಷ್ಟು ಸಾಮಾನ್ಯವಾಗಲು ಹಳೆಯ ಕಾರಣವೂ ಒಂದಿದೆ. ಪೈಥಾನ್ 2ರಲ್ಲಿ `input()` ಬಳಕೆದಾರ ಬರೆದದ್ದನ್ನು ಪೈಥಾನ್ ಕೋಡಿನಂತೆಯೇ ಲೆಕ್ಕಹಾಕುತ್ತಿತ್ತು. 8 ಎಂದು ಬರೆದರೆ ನಿಜವಾದ ಸಂಖ್ಯೆಯೇ ಸಿಗುತ್ತಿತ್ತು, ಈ ಮೂರು ಸಾಲು ಅಲ್ಲಿ 15 ಎಂದೇ ಉತ್ತರ ಕೊಡುತ್ತಿತ್ತು. ಸ್ಟ್ರಿಂಗ್ ಬೇಕೆಂದರೆ `raw_input()` ಬಳಸಬೇಕಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಆ ಹಳೆಯ `input()` ಅನ್ನು ತೆಗೆದು, `raw_input()` ಮಾಡುತ್ತಿದ್ದ ಕೆಲಸಕ್ಕೇ `input()` ಎಂಬ ಹೆಸರು ಕೊಟ್ಟಿತು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿದರೂ ಆ ಕಾಲದ ಪುಸ್ತಕ, ನೋಟ್ಸು, ವೀಡಿಯೊಗಳು ಇನ್ನೂ ಕೈಯಿಂದ ಕೈಗೆ ಹೋಗುತ್ತಿವೆ. ‘ನಮ್ಮ ನೋಟ್ಸಿನಲ್ಲಿ ಸರಿಯಾಗಿದೆಯಲ್ಲ’ ಎಂದು ವಿದ್ಯಾರ್ಥಿ ವಾದಿಸಿದರೆ, ಅವನ ನೋಟ್ಸು ಯಾವ ಪೈಥಾನಿನದು ಎಂದು ನೋಡಬೇಕು.

ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ತಪ್ಪು ಮೊದಲು ಬರಬೇಕು, ವಿವರಣೆ ಆಮೇಲೆ. ಡೆರೆಕ್ ಮುಲ್ಲರ್ ಎಂಬುವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗಾಗಿ ಭೌತಶಾಸ್ತ್ರದ ವೀಡಿಯೊಗಳ ಮೇಲೆ ಪ್ರಯೋಗ ನಡೆಸಿದರು. ಸರಿಯಾದ ವಿಷಯವನ್ನು ಮಾತ್ರ ನೇರವಾಗಿ, ಸೊಗಸಾಗಿ ವಿವರಿಸಿದ ವೀಡಿಯೊ ನೋಡಿದವರು ‘ಬಹಳ ಸ್ಪಷ್ಟವಾಗಿತ್ತು’ ಎಂದರಾದರೂ ಪರೀಕ್ಷೆಯಲ್ಲಿ ಹೆಚ್ಚು ಸುಧಾರಿಸಲಿಲ್ಲ. ಜನರಲ್ಲಿರುವ ತಪ್ಪು ಕಲ್ಪನೆಯನ್ನೇ ಮೊದಲು ಮುಂದಿಟ್ಟು ಅದನ್ನು ಚರ್ಚಿಸಿದ ವೀಡಿಯೊ ನೋಡಿದವರು ಹೆಚ್ಚು ಶ್ರಮ ಪಡಬೇಕಾಯಿತು, ಆದರೆ ಹೆಚ್ಚು ಕಲಿತರು. ಅದು ಕೋಡಿಂಗಿನ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಆದರೂ ನಮ್ಮ ಪ್ರಯೋಗಾಲಯದಲ್ಲಿ ನಾನು ಕಂಡದ್ದು ಅದಕ್ಕೆ ಬಹಳ ಹತ್ತಿರವಿದೆ: ಸರಿಯಾದ ಕೋಡನ್ನು ಮಾತ್ರ ನೋಡಿದ ವಿದ್ಯಾರ್ಥಿಗೆ ಅಲ್ಲಿ `int` ಏಕಿದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ಆದ್ದರಿಂದ ತಾನು ಬರೆಯುವಾಗ ಅದನ್ನು ಬಿಡುತ್ತಾನೆ.

ಹೀಗಾಗಿ ವೀಡಿಯೊದ ಮೊದಲ 10 ಸೆಕೆಂಡಿನಲ್ಲಿ ಹಾಲಿನ ಲೆಕ್ಕವನ್ನು ಹೇಳಿ, ಉತ್ತರ ಎಷ್ಟು ಬರಬೇಕೆಂದು ನೋಡುಗನನ್ನೇ ಕೇಳಿ. ಮುಂದಿನ 20 ಸೆಕೆಂಡಿನಲ್ಲಿ ಮೂರು ಸಾಲನ್ನು ತೋರಿಸಿ ಓಡಿಸಿ. 87 ಬಂದ ಮೇಲೆ ಮೂರು ಸೆಕೆಂಡು ಏನನ್ನೂ ಹೇಳಬೇಡಿ. ಸಂಪಾದನೆ ಮಾಡುವಾಗ ಆ ಮೌನವನ್ನು ಕತ್ತರಿಸಿಬಿಡುವ ಆಸೆ ಬರುತ್ತದೆ, ಕತ್ತರಿಸಬೇಡಿ, ‘ಇದೇನು’ ಎಂದು ನೋಡುಗ ತನ್ನೊಳಗೆ ಕೇಳಿಕೊಳ್ಳುವುದು ಅಲ್ಲಿಯೇ. ಆಮೇಲಿನ ಅರ್ಧ ನಿಮಿಷ ಉದ್ಧರಣ ಚಿಹ್ನೆಗಳಿಗೆ ಮೀಸಲು. ಉಳಿದದ್ದರಲ್ಲಿ ಪರಿಹಾರ.

```python
belagge = int(input("Belagge: "))
sanje = int(input("Sanje: "))
print(belagge + sanje)
```

ಮೂರನೆಯ ಸಾಲು ಬದಲಾಗಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. `+` ಚಿಹ್ನೆಯದು ತಪ್ಪಿರಲಿಲ್ಲ, ಅದರ ಕೈಗೆ ನಾವು ಕೊಟ್ಟ ವಸ್ತು ಬೇರೆಯಾಗಿತ್ತು. ಇಲ್ಲಿ ಇನ್ನೊಂದು ತಪ್ಪು ಬಾಗಿಲಲ್ಲೇ ಕಾದಿರುತ್ತದೆ. ಪರಿಹಾರ ಕೇಳಿದ ವಿದ್ಯಾರ್ಥಿಗಳಲ್ಲಿ ಕೆಲವರು ಮೊದಲೆರಡು ಸಾಲನ್ನು ಹಾಗೇ ಬಿಟ್ಟು, ಕೊನೆಯ ಸಾಲನ್ನು `print(int(belagge + sanje))` ಎಂದು ಬದಲಿಸುತ್ತಾರೆ. `int` ಬಂತು, ಆದರೆ ಪೋಣಿಸುವ ಕೆಲಸ ಮುಗಿದ ಮೇಲೆ ಬಂತು. ಉತ್ತರ ಮತ್ತೆ 87, ಈ ಸಲ ನಿಜವಾದ ಸಂಖ್ಯೆಯಾಗಿ. ಇದು ಬಹಳ ಒಳ್ಳೆಯ ತಪ್ಪು, ಅದಕ್ಕಾಗಿಯೇ ಅದನ್ನು ಈ ವೀಡಿಯೊದಲ್ಲಿ ಹೇಳಬಾರದು. ಆವರಣದ ಒಳಗಿನ ಕೆಲಸ ಮೊದಲು ನಡೆಯುತ್ತದೆ ಎಂಬ ಬೇರೆ ಪರಿಕಲ್ಪನೆ ಅದರ ಹಿಂದಿದೆ, ಅದಕ್ಕೆ ಅದರದ್ದೇ ಆದ 90 ಸೆಕೆಂಡು ಸಲ್ಲಬೇಕು. ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ವೀಡಿಯೊ ಬರೆಯುವಾಗ ‘ಇದನ್ನೂ ಹೇಳಬೇಕಲ್ಲ’ ಎಂದು ಅನ್ನಿಸಿದ್ದನ್ನೆಲ್ಲ ಅದರಲ್ಲಿ ಬರೆದು ಪಕ್ಕಕ್ಕಿಡುತ್ತೇನೆ. ಆ 11 ನಿಮಿಷದ ವೀಡಿಯೊ ಆ ಪುಟಗಳಿಂದಲೇ ಐದು ವೀಡಿಯೊ ಆಯಿತು.

ಪರದೆಯ ಬಗ್ಗೆ ಎರಡು ಮಾತು ಸಾಕು. ನೋಡುವವರು ಬಹುಮಟ್ಟಿಗೆ ಫೋನನ್ನು ನೆಟ್ಟಗೆ ಹಿಡಿದು ನೋಡುತ್ತಾರೆ. ಆದ್ದರಿಂದ ಒಂದು ಸಾಲು 35 ಅಕ್ಷರ ದಾಟದಂತೆ ಬರೆದು, ರೆಕಾರ್ಡ್ ಮಾಡಿದ ಮೇಲೆ ನಿಮ್ಮ ಫೋನನ್ನು ಒಂದು ಮೊಳ ದೂರದಲ್ಲಿಟ್ಟು ಉದ್ಧರಣ ಚಿಹ್ನೆ ಕಾಣುತ್ತದೆಯೇ ಎಂದು ನೋಡಿ. ಅದು ಕಾಣದಿದ್ದರೆ ಮತ್ತೆ ದೊಡ್ಡ ಅಕ್ಷರದಲ್ಲಿ ರೆಕಾರ್ಡ್ ಮಾಡಿ. ಎರಡನೆಯದು, ತಪ್ಪು ಕೋಡು ಪರದೆಯ ಮೇಲಿರುವಷ್ಟು ಹೊತ್ತೂ ಅದರ ಸುತ್ತ ಕೆಂಪು ಚೌಕಟ್ಟು ಮತ್ತು ‘ತಪ್ಪು’ ಎಂಬ ಪದ ಇರಲಿ, ವೀಡಿಯೊದ ಕೊನೆಯ ಚಿತ್ರ ಸರಿಯಾದ ಕೋಡೇ ಆಗಿರಲಿ. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸುವವರು ನಡುವಿನ ಯಾವುದೋ ಕ್ಷಣವನ್ನು ಹಿಡಿಯುತ್ತಾರೆ. ಗುರುತಿಲ್ಲದ ತಪ್ಪು ಕೋಡು ಹಾಗೆ ಊರೆಲ್ಲ ತಿರುಗಿದ್ದನ್ನು ನಾನು ನೋಡಿದ್ದೇನೆ.

ಪಾಠ ತಲುಪಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ‘ಚೆನ್ನಾಗಿ ಅರ್ಥವಾಯಿತು ಸಾರ್’ ಎಂಬ ಮಾತಿನಿಂದ ತಿಳಿಯುವುದಿಲ್ಲ. ಅದೇ ಪರಿಕಲ್ಪನೆ ಬೇರೆ ವೇಷದಲ್ಲಿ ಬಂದಾಗ ಗುರುತಿಸುತ್ತಾರೆಯೇ ಎಂದು ನೋಡಬೇಕು. ನಾನು ವೀಡಿಯೊದ ಕೊನೆಯಲ್ಲಿ ಎರಡು ಸಾಲು ಕೊಟ್ಟು, ಲೀಟರಿಗೆ 35 ರೂಪಾಯಿ ಎಂದು ಬರೆದರೆ 3 ಲೀಟರಿಗೆ ಏನು ಬರುತ್ತದೆ, ಓಡಿಸದೆ ಹೇಳಿ ಎಂದು ಕೇಳುತ್ತೇನೆ.

```python
dara = input("Dara: ")
print(dara * 3)
```

105 ಎಂದವರಿಗೆ ಪಾಠ ತಲುಪಿಲ್ಲ. ದೋಷ ಬರುತ್ತದೆ ಎಂದವರಿಗೆ ಅರ್ಧ ತಲುಪಿದೆ. ಸ್ಟ್ರಿಂಗನ್ನು ಪೂರ್ಣಾಂಕದಿಂದ ಗುಣಿಸಿದರೆ ಪೈಥಾನ್ ಅದನ್ನು ಅಷ್ಟು ಸಲ ಪೋಣಿಸುತ್ತದೆ, ಹಾಗಾಗಿ ಬರುವುದು 353535. ಈ ನಿಯಮವನ್ನು ವೀಡಿಯೊದಲ್ಲಿ ಹೇಳಿಲ್ಲದಿದ್ದರೂ 87 ಹೇಗಾಯಿತೆಂದು ನಿಜವಾಗಿ ತಿಳಿದವರಲ್ಲಿ ಹಲವರು ಇದನ್ನು ಊಹಿಸಿಬಿಡುತ್ತಾರೆ.

ಸಕಲೇಶಪುರದಿಂದ ಬಂದಿರುವ ಮೇಡಂ ಒಬ್ಬರು ಆಗಲೇ ಚೀಟಿಯಲ್ಲಿ ಒಂದು ಪ್ರಶ್ನೆ ಕಳಿಸಿದ್ದಾರೆ: ಡೇರಿಯಲ್ಲಿ ಹಾಲು ಎಂದೂ ಸರಿಯಾಗಿ 8 ಲೀಟರ್ ಇರುವುದಿಲ್ಲ, ಎಂಟೂವರೆ ಇದ್ದರೆ ಏನು ಮಾಡುವುದು? ನ್ಯಾಯವಾದ ಪ್ರಶ್ನೆ. 8.5 ಎಂದು ಕೊಟ್ಟರೆ `int` ನಿಂತುಹೋಗಿ ಹೀಗೆ ಹೇಳುತ್ತದೆ:

```
ValueError: invalid literal for int() with base 10: '8.5'
```

ಸಂದೇಶದ ಕೊನೆಯಲ್ಲಿ ಅದೇ ಉದ್ಧರಣ ಚಿಹ್ನೆಗಳಿವೆ, ಮೊದಲ ವೀಡಿಯೊ ನೋಡಿದವರು ಅವನ್ನು ಕೂಡಲೇ ಗುರುತಿಸುತ್ತಾರೆ. ಇದು ಎರಡನೆಯ ವೀಡಿಯೊ, ಅಲ್ಲಿ `int` ಜಾಗಕ್ಕೆ `float` ಬರುತ್ತದೆ. ಅದರಲ್ಲಿ ನಾನು ಕೊಡುವ ಸಂಖ್ಯೆಗಳು 8.5 ಮತ್ತು 7.5, ಉತ್ತರ 16.0. ಬೇರೆ ದಶಮಾಂಶಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅರ್ಧವನ್ನು ಕಂಪ್ಯೂಟರ್ ತನ್ನ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಇಟ್ಟುಕೊಳ್ಳಬಲ್ಲದು, ಹತ್ತನೆಯ ಒಂದು ಭಾಗವನ್ನು ಇಟ್ಟುಕೊಳ್ಳಲಾರದು. `0.1 + 0.2` ಎಂದು ಕೇಳಿದರೆ ಪೈಥಾನ್ ಕೊಡುವ ಉತ್ತರ 0.30000000000000004, ಅದು ಏಕೆ ಹಾಗೆ ಎಂಬುದು ಮೂರನೆಯ ವೀಡಿಯೊ.